ಸಿಕ್ಕಿದೆ ಅನ್ನಿ, ಹೇಗಿದೆ ಅನ್ನಬೇಡಿ

ಅಪಾರ್ಟ್‌ಮೆಂಟಿನ ಜಾರುಬಂಡೆಯ ಕೆಳಗೆ ಒಂದು ಜುಮುಕಿ ಸಿಕ್ಕಿತೆಂದುಕೊಳ್ಳಿ. ಸಿಕ್ಕವರು ತಕ್ಷಣ ಫೋಟೊ ತೆಗೆದು, ‘ಜಾರುಬಂಡೆ ಹತ್ತಿರ ಸಿಕ್ಕಿತು, ಯಾರದ್ದು?’ ಎಂದು ವಾಟ್ಸ್ಆ್ಯಪ್ ಗುಂಪಿಗೆ ಹಾಕುತ್ತಾರೆ. ಕೆಂಪು ಹರಳು, ಅಂಚಿನ ಮುತ್ತು, ಬಿದ್ದ ಜಾಗ ಎಲ್ಲವೂ ಈಗ ಎಲ್ಲರಿಗೂ ಗೊತ್ತು. ‘ನನ್ನದು’ ಎಂದು ಯಾರೇ ಬಂದರೂ ಅವರನ್ನು ಪರೀಕ್ಷಿಸಲು ಪ್ರಶ್ನೆಯೇ ಉಳಿದಿಲ್ಲ.

ಅದರ ಬದಲು ಹೀಗೆ ಬರೆಯಬಹುದು: ‘ಭಾನುವಾರ ಸಂಜೆ ನಮ್ಮ ಆವರಣದಲ್ಲಿ ಕಿವಿಯ ಒಡವೆ ಸಿಕ್ಕಿದೆ. ಕಳೆದುಕೊಂಡವರು ಅದು ಹೇಗಿತ್ತು, ಎಲ್ಲಿ ಬಿದ್ದಿರಬಹುದು ಎಂದು ನನಗೆ ಮಾತ್ರ ಬರೆಯಿರಿ.’ ‘ಕಿವಿಯ ಒಡವೆ’ ಎಂದರೆ ಸಾಕು, ಕಳೆದುಕೊಂಡವರ ಕೈ ತಾನಾಗಿ ಕಿವಿಗೆ ಹೋಗುತ್ತದೆ. ಲೋಹ, ಹರಳಿನ ಬಣ್ಣ, ಒಂದೋ ಜೋಡಿಯೋ, ಸರಿಯಾದ ಜಾಗ ಇವನ್ನು ಸಿಕ್ಕವರೇ ಇಟ್ಟುಕೊಳ್ಳಬೇಕು.

ವಿಚಾರಿಸುವಾಗಲೂ ಗುಟ್ಟು ಜಾರಬಾರದು. ‘ಹರಳು ಕೆಂಪಗಿತ್ತಾ?’ ಎಂದರೆ ಉತ್ತರವನ್ನು ನಾವೇ ಕೊಟ್ಟಂತೆ. ‘ಹೇಗಿತ್ತು, ಹೇಳಿ’ ಎಂದು ಸುಮ್ಮನಾಗಬೇಕು. ನಿಜವಾದ ಒಡತಿಗೂ ಮುತ್ತಿನ ಲೆಕ್ಕ ನೆನಪಿರದಿರಬಹುದು, ಅಷ್ಟಕ್ಕೇ ಅನುಮಾನಪಡಬೇಕಿಲ್ಲ. ಜೋಡಿಯ ಇನ್ನೊಂದು ಜುಮುಕಿ ತಂದು ತೋರಿಸಿದರೆ, ಅಥವಾ ಅದನ್ನು ಹಾಕಿಕೊಂಡ ಹಳೆಯ ಫೋಟೊ ಇದ್ದರೆ, ಮಾತು ಮುಗಿಯಿತು.

ನಾಯಿ ಸಿಕ್ಕರೆ ಲೆಕ್ಕ ಸ್ವಲ್ಪ ಬೇರೆ. ಮುಖ ತೋರಿಸದಿದ್ದರೆ ಮನೆಯವರಿಗೆ ಗುರುತು ಹತ್ತುವುದಿಲ್ಲ. ಹಾಗಾಗಿ ಒಂದು ಫೋಟೊ ಹಾಕಿ, ಆದರೆ ಕೊರಳಪಟ್ಟಿ ಬಿಚ್ಚಿಟ್ಟು ತೆಗೆಯಿರಿ. ಗಂಡೋ ಹೆಣ್ಣೋ, ಹೊಟ್ಟೆಯ ಮೇಲಿನ ಮಚ್ಚೆ, ಹಳೆಯ ಗಾಯದ ಕಲೆ ಇವನ್ನು ಹೇಳಬೇಡಿ. ಬಾಲ ಅಲ್ಲಾಡಿಸಿತೆಂದು ಒಪ್ಪಿಸಿಬಿಡಬಾರದು, ಎಷ್ಟೋ ನಾಯಿಗಳು ಬಿಸ್ಕತ್ತು ಹಿಡಿದವರಿಗೆಲ್ಲ ಬಾಲ ಅಲ್ಲಾಡಿಸುತ್ತವೆ. ಮರಿಯಾಗಿದ್ದಾಗಿನ ಫೋಟೊ, ಲಸಿಕೆಯ ಪುಸ್ತಕ ಕೇಳಿ. ಚರ್ಮದಡಿ ಮೈಕ್ರೋಚಿಪ್ ಇದ್ದರೆ ಸ್ಕ್ಯಾನರ್ ಇರುವ ಪಶುವೈದ್ಯರು ಅದರ ಸಂಖ್ಯೆ ಓದಬಲ್ಲರು. ಅದು ಮಾಲೀಕರ ಕಾಗದದಲ್ಲಿರುವ ಸಂಖ್ಯೆಗೆ ಹೊಂದಬೇಕು.

ಕಳೆದುಕೊಂಡವರಿಗೂ ಇದೇ ಮಾತು. ಎಲ್ಲ ಗುರುತನ್ನೂ ಬರೆದುಬಿಟ್ಟರೆ, ‘ನಿಮ್ಮ ನಾಯಿ ನಮ್ಮಲ್ಲಿದೆ, ಮೊದಲು ಹಣ ಕಳಿಸಿ’ ಎನ್ನುವವರು ಅದನ್ನೇ ತಿರುಗಿ ಒಪ್ಪಿಸುತ್ತಾರೆ. ಒಂದು ಗುರುತನ್ನಾದರೂ ಬಚ್ಚಿಟ್ಟು, ಫೋನ್ ಬಂದಾಗ ಅದನ್ನೇ ಕೇಳಿ. ಕಣ್ಣಾರೆ ಕಾಣುವ ತನಕ ಒಂದು ರೂಪಾಯಿಯನ್ನೂ ಕೊಡಬೇಡಿ.

ಸಿಕ್ಕ ವಸ್ತುವನ್ನು ಇಟ್ಟುಕೊಂಡವರಿಗೆ ಕಾನೂನಿನ ಹೊಣೆಯೂ ಇದೆ. 1872ರ ಭಾರತೀಯ ಕರಾರು ಕಾಯ್ದೆಯ 71ನೇ ಕಲಂ ಪ್ರಕಾರ, ನಂಬಿ ಒಪ್ಪಿಸಿದ ವಸ್ತುವಿನಷ್ಟೇ ಜೋಪಾನವಾಗಿ ಅದನ್ನು ಕಾಯಬೇಕು. ಹಾಗಾಗಿ ಹಿಂತಿರುಗಿಸುವಾಗ ಸೆಕ್ಯುರಿಟಿಯವರ ಎದುರು ಕೊಟ್ಟು, ಅವರ ಪುಸ್ತಕದಲ್ಲಿ ದಿನಾಂಕದೊಂದಿಗೆ ಸಹಿ ಹಾಕಿಸಿಕೊಳ್ಳಿ. ಆಮೇಲೆ ಗುಂಪಿಗೆ ‘ವಾರಸುದಾರರಿಗೆ ತಲುಪಿದೆ’ ಎಂದಷ್ಟೇ ಬರೆಯಿರಿ. ಯಾರ ಮನೆಯಲ್ಲಿ ಎಂಥ ಒಡವೆ ಇದೆ ಎಂಬುದು ಆಗಲೂ ಗುಂಪಿಗೆ ಗೊತ್ತಾಗಬೇಕಿಲ್ಲ.