ಎರಡು ವರ್ಷದ ಅನುಭವ ಸಾಕೇ?

ಒಂದು ಅಕೌಂಟೆಂಟ್ ಹುದ್ದೆಯ ಜಾಹೀರಾತು ಹೀಗಿದೆ ಎನ್ನಿ: ಬಿ.ಕಾಂ., ಟ್ಯಾಲಿ ಕಡ್ಡಾಯ, 3 ವರ್ಷ ಅನುಭವ, ಎಸ್ಎಪಿ ಗೊತ್ತಿದ್ದರೆ ಆದ್ಯತೆ. ಅರ್ಹತೆಯ ಪಟ್ಟಿಗಿಂತ ಮೊದಲು ಕೆಲಸದ ವಿವರ ಓದಿ. ಅಲ್ಲಿ ಪ್ರತಿ ತಿಂಗಳು ಜಿಎಸ್‌ಟಿ ರಿಟರ್ನ್ ಸಲ್ಲಿಸುವುದು, ಬ್ಯಾಂಕ್ ಲೆಕ್ಕ ತಾಳೆ ನೋಡುವುದು ಇದ್ದರೆ, ‘ಕಡ್ಡಾಯ’ ಎಂದು ಬರೆಯದಿದ್ದರೂ ಅವೇ ನಿಜವಾದ ಅಗತ್ಯ. ದಿನದ ಕೆಲಸದಲ್ಲಿ ಎಸ್ಎಪಿಯ ಸುಳಿವೇ ಇಲ್ಲದಿದ್ದರೆ ಅದು ಇದ್ದರೆ ಒಳ್ಳೆಯದು, ಅಷ್ಟೇ.

ಈ ಕೆಲಸಗಳನ್ನು ಎರಡು ವರ್ಷ ಸ್ವತಃ ಮಾಡಿದವರು ಅರ್ಜಿ ಹಾಕಲೇಬೇಕು ಎನ್ನುತ್ತೇನೆ. ರೆಸ್ಯೂಮೆಯ ಮೊದಲ ಸಾಲುಗಳಲ್ಲೇ ಅದನ್ನು ಬರೆಯಿರಿ. ಅನುಭವವನ್ನು ಮೂರು ವರ್ಷಕ್ಕೆ ಹಿಗ್ಗಿಸಬೇಡಿ. ರಿಟರ್ನ್ ಸಲ್ಲಿಸಿಯೇ ಗೊತ್ತಿಲ್ಲದವರಿಗೆ ಮಾತ್ರ ಇದು ಕಷ್ಟ.

ಸರ್ಕಾರಿ ಅಧಿಸೂಚನೆಯಲ್ಲಿ ಈ ಸಡಿಲಿಕೆ ಇಲ್ಲ. ನಿಗದಿತ ದಿನಾಂಕಕ್ಕೆ ಕನಿಷ್ಠ ವಿದ್ಯಾರ್ಹತೆ ಇಲ್ಲದಿದ್ದರೆ ಅರ್ಜಿ ತಿರಸ್ಕೃತವಾಗುತ್ತದೆ.