ಸುಡೊಕುವಿನಲ್ಲಿ ಜೋಡಿ ಹಿಡಿಯುವುದು ಹೇಗೆ?

ಸುಡೊಕು ಅರ್ಧದವರೆಗೆ ಸಲೀಸಾಗಿ ತುಂಬಿಕೊಂಡು, ಆಮೇಲೆ ಇದ್ದಕ್ಕಿದ್ದಂತೆ ನಿಂತುಬಿಡುವುದುಂಟು. ಉಳಿದ ಮನೆಗಳಿಗೆಲ್ಲ ಎರಡೋ ಮೂರೋ ಅಂಕಿ ಸಲ್ಲುತ್ತವೆ, ಯಾವುದೂ ಖಚಿತವಾಗುವುದಿಲ್ಲ. ಇಂಥ ಹೊತ್ತಿನಲ್ಲಿ ಊಹೆ ಮಾಡಿ ಬರೆಯುವ ಬದಲು ಜೋಡಿ ಹುಡುಕುವುದು ಮೇಲು.

ಮೊದಲನೆಯದು ನೇಕೆಡ್ ಪೇರ್, ಅಂದರೆ ಕಣ್ಣೆದುರಿಗೇ ಇರುವ ಜೋಡಿ. ಒಂದು ಅಡ್ಡಸಾಲಿನ ಖಾಲಿ ಮನೆಗಳ ಮೂಲೆಯಲ್ಲಿ, ಅಲ್ಲಿಗೆ ಸಲ್ಲುವ ಅಂಕಿಗಳನ್ನೆಲ್ಲ ಪೆನ್ಸಿಲ್ಲಿನಿಂದ ಸಣ್ಣದಾಗಿ ಬರೆದುಕೊಂಡಾಗ, 2ನೇ ಮನೆಯಲ್ಲಿ 3, 7 ಬಂತು. 5ನೇ ಮನೆಯಲ್ಲೂ 3, 7 ಮಾತ್ರ ಬಂತು. ಯಾವುದು ಎಲ್ಲಿಗೆ ಎಂಬುದು ಗೊತ್ತಿಲ್ಲದಿದ್ದರೂ ಆ ಎರಡು ಅಂಕಿಗಳು ಆ ಎರಡು ಮನೆಗಳಿಗೇ ಮೀಸಲು. ಹಾಗಾಗಿ ಆ ಸಾಲಿನ ಬೇರೆಲ್ಲ ಮನೆಗಳಿಂದ 3, 7 ಅಳಿಸಬಹುದು. 3ನೇ ಮನೆಯಲ್ಲಿ 1, 3, 7 ಇದ್ದರೆ ಉಳಿಯುವುದು 1 ಒಂದೇ. ಅದು ಅಲ್ಲಿಗೇ ತೀರ್ಮಾನ.

ಹಿಡನ್ ಪೇರ್ ಹೀಗೆ ಕಣ್ಣಿಗೆ ಬೀಳುವುದಿಲ್ಲ. ಬೇರೆ ಅಂಕಿಗಳ ಗುಂಪಿನಲ್ಲಿ ಅಡಗಿರುತ್ತದೆ. ಇಲ್ಲಿ ಮನೆಯನ್ನು ನೋಡದೆ ಅಂಕಿಯನ್ನು ಹಿಂಬಾಲಿಸಬೇಕು. ಎಡಗಡೆ ಮೇಲಿನ ಚೌಕ ಹೀಗಿದೆ ಎಂದುಕೊಳ್ಳಿ:

```
_ _ 2
_ 5 _
_ _ 9
```

ಚೌಕದ ಹೊರಗೆ, ಮೊದಲ ಅಡ್ಡಸಾಲಿನಲ್ಲಿ 4 ಮತ್ತು 8 ಎರಡೂ ಬಂದಿವೆ. ಮೊದಲ ಕಂಬಸಾಲಿನ ಕೆಳಭಾಗದಲ್ಲೂ ಅವೆರಡೂ ಇವೆ. ಹಾಗಾದರೆ ಈ ಚೌಕದ ಮೇಲಿನ ಸಾಲಿಗಾಗಲಿ ಎಡಗಡೆಯ ಕಂಬಕ್ಕಾಗಲಿ ಅವು ಬರುವಂತಿಲ್ಲ. ಅವಕ್ಕೆ ಉಳಿದಿರುವುದು ಎರಡೇ ಜಾಗ: 5ರ ಬಲಕ್ಕಿರುವ ಮನೆ, 5ರ ಕೆಳಗಿರುವ ಮನೆ. ಎರಡು ಅಂಕಿಗೆ ಎರಡೇ ಮನೆ ಎಂದ ಮೇಲೆ ಆ ಮನೆಗಳಲ್ಲಿ ಬರೆದುಕೊಂಡಿದ್ದ ಬೇರೆ ಅಂಕಿಗಳೆಲ್ಲ ಹೊರಗೆ.

ಇದರ ಫಲ ಪಕ್ಕದಲ್ಲಿ ಕಾಣುತ್ತದೆ. ಮೊದಲ ಕಂಬಸಾಲಿನಲ್ಲೂ ಮೂರನೇ ಅಡ್ಡಸಾಲಿನಲ್ಲೂ ಚೌಕದ ಹೊರಗೆ ಆಗಲೇ 1 ಇದೆ ಎನ್ನಿ. ಈ ಚೌಕದಲ್ಲಿ 1ಕ್ಕೆ ಇದ್ದದ್ದು 5ರ ಮೇಲಿನ ಮನೆ ಮತ್ತು 5ರ ಬಲಕ್ಕಿರುವ ಮನೆ. ಬಲಗಡೆಯದನ್ನು ಜೋಡಿ ಹಿಡಿದುಕೊಂಡಿರುವುದರಿಂದ 1 ಮೇಲಿನ ಮನೆಗೇ ಬರಬೇಕು. 4 ಎಲ್ಲಿ, 8 ಎಲ್ಲಿ ಎಂಬುದು ತಿಳಿಯುವ ಮೊದಲೇ ಮೂರನೆಯ ಅಂಕಿಯೊಂದು ಕೈಗೆ ಸಿಕ್ಕಿತು! ಸುಡೊಕುವಿನಲ್ಲಿ ಇಷ್ಟು ಸೊಗಸಾದ ಗಳಿಗೆಗಳು ಹೆಚ್ಚಿಲ್ಲ.

ಎಡವುವುದು ಸಾಮಾನ್ಯವಾಗಿ ಎರಡು ಕಡೆ. ಒಂದು ಮನೆಯಲ್ಲಿ 3, 7 ಇದ್ದು ಇನ್ನೊಂದರಲ್ಲಿ 3, 7, 8 ಇದ್ದರೆ ಅದು ನೇಕೆಡ್ ಪೇರ್ ಅಲ್ಲ. ಹಾಗೆಯೇ ಆ ಎರಡು ಮನೆಗಳು ಒಂದೇ ಸಾಲಿನಲ್ಲೋ ಕಂಬದಲ್ಲೋ ಚೌಕದಲ್ಲೋ ಇರಲೇಬೇಕು. ಮೂರೂ ಅಲ್ಲದ ಕಡೆ ಒಂದೇ ಬಗೆಯ ಅಂಕಿಗಳು ಕಂಡರೆ ಅದಕ್ಕೆ ಅರ್ಥವಿಲ್ಲ. ಮುಂದೆ ಎಲ್ಲೋ ಒಂದು ಮನೆಗೆ ಯಾವ ಅಂಕಿಯೂ ಉಳಿಯದಿದ್ದರೆ, ಹಿಂದೆ ಅಳಿಸಬಾರದ್ದನ್ನು ಅಳಿಸಿದ್ದೀರಿ ಅಥವಾ ತಪ್ಪು ಅಂಕಿ ಬರೆದಿದ್ದೀರಿ ಎಂದೇ ಲೆಕ್ಕ.

ಯಾವುದನ್ನು ಮೊದಲು ಹುಡುಕಬೇಕು? ಸಾಲಿನಲ್ಲಿ ನಾಲ್ಕೇ ಮನೆ ಖಾಲಿ ಇದ್ದರೆ ಎರಡೂ ಒಂದೇ: ಎರಡು ಮನೆಗಳಲ್ಲಿ ಹಿಡನ್ ಪೇರ್ ಇದ್ದರೆ ಉಳಿದೆರಡರಲ್ಲಿ ನೇಕೆಡ್ ಪೇರ್ ಇದ್ದೇ ಇರುತ್ತದೆ, ಅದನ್ನು ಗುರುತಿಸುವುದೇ ಸುಲಭ. ಆರೇಳು ಮನೆ ಖಾಲಿ ಇರುವ ಚೌಕದಲ್ಲಿ ಮಾತ್ರ, ಸುತ್ತಲಿನ ಸಾಲುಗಳಲ್ಲಿ ಜೊತೆಜೊತೆಯಾಗಿ ಬಂದಿರುವ ಅಂಕಿಗಳನ್ನು ಮೊದಲು ನೋಡಬೇಕು; ಪೆನ್ಸಿಲ್ ಗುರುತು ಹಾಕುವ ಮೊದಲೇ ಹಿಡನ್ ಪೇರ್ ಅಲ್ಲಿ ಸಿಗಬಹುದು.