ಹಳೆಯ ಬಟ್ಟೆ, ಕಾಗದ, ಮರ: ಇಂಗಾಲ ಹೇಳುವುದು ಯಾವುದರ ವಯಸ್ಸು?

1988ರ ಏಪ್ರಿಲ್ 21ರಂದು ಇಟಲಿಯ ಟ್ಯೂರಿನ್ ನಗರದ ಕ್ಯಾಥೆಡ್ರಲ್‌ನಲ್ಲಿ, ಏಸುಕ್ರಿಸ್ತನ ಶವಕ್ಕೆ ಹೊದಿಸಿದ್ದೆಂದು ಭಕ್ತರು ನಂಬುವ ಉದ್ದನೆಯ ಲಿನನ್ ಬಟ್ಟೆಯ ಒಂದು ಮೂಲೆಯಿಂದ ಸಣ್ಣ ಪಟ್ಟಿಯೊಂದನ್ನು ಕತ್ತರಿಸಲಾಯಿತು. ಅದರ ಅಗಲ ಸುಮಾರು ಒಂದು ಸೆಂಟಿಮೀಟರ್, ಉದ್ದ ಏಳು ಸೆಂಟಿಮೀಟರ್. ಅದನ್ನು ಅಂಚೆಚೀಟಿಯಷ್ಟು ಚಿಕ್ಕ ತುಂಡುಗಳಾಗಿ ಮಾಡಿ, ಮೊಹರು ಹಾಕಿದ ಲೋಹದ ಡಬ್ಬಿಗಳಲ್ಲಿಟ್ಟು ಆಕ್ಸ್‌ಫರ್ಡ್, ಜ್ಯೂರಿಕ್ ಮತ್ತು ಅಮೆರಿಕದ ಅರಿಜೋನಾ ಪ್ರಯೋಗಾಲಯಗಳಿಗೆ ಕೊಟ್ಟರು. ಒಂದೊಂದು ಪ್ರಯೋಗಾಲಯಕ್ಕೆ ಸಿಕ್ಕಿದ್ದು 50 ಮಿಲಿಗ್ರಾಂ ಆಸುಪಾಸು. ಕಾರ್ಬನ್ ಡೇಟಿಂಗ್ ಏನನ್ನು ಹೇಳಬಲ್ಲದು, ಎಲ್ಲಿ ಸುಮ್ಮನಾಗಬೇಕಾಗುತ್ತದೆ ಎಂಬುದನ್ನು ಅರಿಯಲು ಈ ಪರೀಕ್ಷೆಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಲಿನನ್ ಎಂದರೆ ಅಗಸೆ ಗಿಡದ ನಾರು. ಗಿಡ ಬದುಕಿರುವಾಗ ಗಾಳಿಯಿಂದ ಇಂಗಾಲದ ಡೈಆಕ್ಸೈಡನ್ನು ಹೀರುತ್ತದೆ. ಆ ಇಂಗಾಲದಲ್ಲಿ ಲಕ್ಷ ಕೋಟಿಗೆ ಒಂದರಂತೆ ಕಾರ್ಬನ್-14 ಎಂಬ ಅಸ್ಥಿರ ಪರಮಾಣು ಇರುತ್ತದೆ. ಬಾಹ್ಯಾಕಾಶದಿಂದ ಬರುವ ಕಿರಣಗಳು ವಾತಾವರಣದ ಮೇಲ್ಪದರದಲ್ಲಿ ಅದನ್ನು ಉಂಟುಮಾಡುತ್ತಲೇ ಇರುತ್ತವೆ. ಗಿಡವನ್ನು ಕಿತ್ತ ದಿನ ಹೊಸ ಇಂಗಾಲ ಸೇರುವುದು ನಿಲ್ಲುತ್ತದೆ. ಒಳಗಿರುವ ಕಾರ್ಬನ್-14 ಮಾತ್ರ ಕ್ಷಯಿಸುತ್ತ ಹೋಗಿ, ಸುಮಾರು 5,730 ವರ್ಷಗಳಲ್ಲಿ ಅರ್ಧಕ್ಕೆ ಇಳಿಯುತ್ತದೆ. ಉಳಿದಿರುವುದು ಎಷ್ಟು ಎಂದು ಅಳೆದರೆ ಗಿಡ ಸತ್ತು ಎಷ್ಟು ಕಾಲವಾಯಿತೆಂದು ತಿಳಿಯುತ್ತದೆ. 1940ರ ದಶಕದ ಕೊನೆಯಲ್ಲಿ ಇದನ್ನು ಸಾಧಿಸಿ ತೋರಿಸಿದ ವಿಲ್ಲಾರ್ಡ್ ಲಿಬ್ಬಿಗೆ 1960ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು.

ಲಿಬ್ಬಿಯ ವಿಧಾನದಲ್ಲಿ ಪರಮಾಣುಗಳು ಕ್ಷಯಿಸುವುದನ್ನು ಕಾದು ಎಣಿಸಬೇಕಿತ್ತು. ಅದಕ್ಕೆ ಕರವಸ್ತ್ರದಷ್ಟು ಬಟ್ಟೆಯನ್ನು ಸುಡಬೇಕಾಗುತ್ತಿದ್ದುದರಿಂದ ಟ್ಯೂರಿನ್ನಿನ ಬಟ್ಟೆಯನ್ನು ಯಾರೂ ಕೊಡುವಂತಿರಲಿಲ್ಲ. 1970ರ ದಶಕದ ಕೊನೆಯಲ್ಲಿ ಬಂದ ವೇಗವರ್ಧಕ ವಿಧಾನ ಪರಮಾಣುಗಳನ್ನೇ ನೇರವಾಗಿ ಎಣಿಸುತ್ತದೆ, ಹೀಗಾಗಿ ಕೆಲವೇ ಮಿಲಿಗ್ರಾಂ ಸಾಕು. ಮೂರೂ ಪ್ರಯೋಗಾಲಯಗಳು ಮೊದಲು ತುಂಡುಗಳನ್ನು ಆಮ್ಲದಲ್ಲೂ ಕ್ಷಾರದಲ್ಲೂ ತೊಳೆದವು. ಕೈಬೆವರು, ಮೇಣ, ಹೊಗೆ, ಧೂಳು ಇವುಗಳಲ್ಲೂ ಇಂಗಾಲವಿರುವುದರಿಂದ ಅವು ಹೋಗಲೇಬೇಕು. ಆಮೇಲೆ ನಾರನ್ನು ಸುಟ್ಟು, ಬಂದ ಅನಿಲವನ್ನು ಗ್ರಾಫೈಟ್ ಮಾಡಿ ಎಣಿಸಿದರು.

ಜೊತೆಗೆ ವಯಸ್ಸು ಮೊದಲೇ ತಿಳಿದಿದ್ದ ಬೇರೆ ಮೂರು ಹಳೆಯ ಬಟ್ಟೆಗಳ ಮಾದರಿಗಳನ್ನೂ ಕೊಟ್ಟಿದ್ದರು. ಯಾವ ಡಬ್ಬಿಯಲ್ಲಿ ಯಾವುದಿದೆ ಎಂದು ಹೇಳಿರಲಿಲ್ಲ. ಟ್ಯೂರಿನ್ನಿನ ಬಟ್ಟೆಯ ವಿಶಿಷ್ಟ ನೇಯ್ಗೆಯಿಂದ ಅದನ್ನು ಗುರುತಿಸಬಹುದಾಗಿತ್ತು, ನಿಜ. ಆದರೂ ಉಳಿದ ಮೂರರ ಕಾಲ ನಿರೀಕ್ಷಿಸಿದಂತೆಯೇ ಬಂದದ್ದು ಯಂತ್ರಗಳು ಸರಿಯಾಗಿವೆ ಎಂಬುದಕ್ಕೆ ಸಾಕ್ಷಿಯಾಯಿತು.

ಟ್ಯೂರಿನ್ನಿನ ಬಟ್ಟೆಗೆ ಅರಿಜೋನಾ 646, ಜ್ಯೂರಿಕ್ 676, ಆಕ್ಸ್‌ಫರ್ಡ್ 750 ವರ್ಷ ಎಂದವು. ಸರಾಸರಿ 689, ಹೆಚ್ಚುಕಡಿಮೆ 16. ಈ ಕ್ಷೇತ್ರದಲ್ಲಿ ‘ಇಂದು’ ಎಂದರೆ 1950. ಹಾಗಾದರೆ 1950ರಿಂದ 689 ಕಳೆದು 1261 ಎನ್ನಬಹುದೆ? ಬರುವುದಿಲ್ಲ. ವಾತಾವರಣದಲ್ಲಿ ಕಾರ್ಬನ್-14ರ ಪ್ರಮಾಣ ಎಲ್ಲ ಕಾಲದಲ್ಲೂ ಒಂದೇ ಆಗಿರಲಿಲ್ಲ. ಅದಕ್ಕಾಗಿ, ಮರಗಳ ವರ್ಷದುಂಗುರಗಳನ್ನು ಒಂದೊಂದಾಗಿ ಎಣಿಸಿ ಅಳೆದು ಸಿದ್ಧಪಡಿಸಿದ ನಕ್ಷೆಯೊಂದಿಗೆ ಅಳತೆಯನ್ನು ಹೋಲಿಸುತ್ತಾರೆ. 14ನೇ ಶತಮಾನದಲ್ಲಿ ಆ ನಕ್ಷೆಯ ಗೆರೆ ಏರಿ ಇಳಿಯುತ್ತದೆ. ಹೀಗಾಗಿ ಒಂದೇ ಅಳತೆ ಎರಡು ಕಾಲಾವಧಿಗಳಿಗೆ ಹೊಂದಿತು: 1262ರಿಂದ 1312, ಇಲ್ಲವೇ 1353ರಿಂದ 1384. ಎರಡನ್ನೂ ಒಳಗೊಳ್ಳುವಂತೆ 1260ರಿಂದ 1390, ಭರವಸೆ ಶೇ. 95 ಎಂದು 1989ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದರು.

ಮೂರು ಪ್ರಯೋಗಾಲಯಗಳ ಅಂಕಿಗಳ ನಡುವಿನ ಅಂತರ ಅವು ಕೊಟ್ಟ ‘ಹೆಚ್ಚುಕಡಿಮೆ’ಗಿಂತ ತುಸು ಜಾಸ್ತಿಯೇ ಇದೆ. ಆದ್ದರಿಂದ ಬಟ್ಟೆ ಇಂಥದೇ ದಶಕದ್ದು ಎಂದು ವಾದಿಸಲು ಈ ಫಲಿತಾಂಶವನ್ನು ಬಳಸಬಾರದು. ಒಂದನೇ ಶತಮಾನದ್ದು ಎನ್ನಲಂತೂ ಇದು ಎಡೆಗೊಡುವುದಿಲ್ಲ. 1532ರ ಬೆಂಕಿಯಲ್ಲಿ ಬಟ್ಟೆ ಸುಟ್ಟುಕೊಂಡು ಇಂಗಾಲ ಕಲಬೆರಕೆಯಾಯಿತು ಎನ್ನುವವರಿದ್ದಾರೆ. ಲೆಕ್ಕ ಹಾಕಿ ನೋಡೋಣ. ಏಸುವಿನ ಕಾಲದ ನಾರು 14ನೇ ಶತಮಾನದ್ದೆಂದು ಕಾಣಬೇಕಾದರೆ, ಚೆನ್ನಾಗಿ ತೊಳೆದ ಮೇಲೂ ಅದರಲ್ಲಿನ ಇಂಗಾಲದ ನೂರಕ್ಕೆ ಅರವತ್ತು ಪಾಲಿಗೂ ಹೆಚ್ಚು ಹೊರಗಿನದಾಗಿರಬೇಕು. ಆಗ ಅದು ಬಟ್ಟೆಗಿಂತ ಹೆಚ್ಚಾಗಿ ಕೊಳೆಯೇ ಆಗಿರುತ್ತಿತ್ತು. ಮಾದರಿಗಳೆಲ್ಲ ಒಂದೇ ಮೂಲೆಯವು ಎಂಬ ಆಕ್ಷೇಪ ಬೇರೆ ಬಗೆಯದು. ಇಂಗಾಲ ಮಾತಾಡುವುದು ಕತ್ತರಿಸಿದ ತುಂಡಿನ ಬಗ್ಗೆ ಮಾತ್ರ. ಇನ್ನು ಬಟ್ಟೆಯ ಮೇಲಿನ ಆಕೃತಿ ಹೇಗೆ ಮೂಡಿತು, ಯಾರು ಮೂಡಿಸಿದರು ಎಂಬುದಕ್ಕೆ ಈ ಪರೀಕ್ಷೆಯಲ್ಲಿ ಉತ್ತರವೇ ಇಲ್ಲ.

ಈ ಕೊನೆಯ ಮಿತಿ ಎಷ್ಟು ದೊಡ್ಡದೆಂದು ಯೇಲ್ ವಿಶ್ವವಿದ್ಯಾಲಯದಲ್ಲಿರುವ ವಿನ್‌ಲ್ಯಾಂಡ್ ನಕ್ಷೆ ತೋರಿಸುತ್ತದೆ. ಕೊಲಂಬಸನಿಗೂ ಮೊದಲೇ ಅಮೆರಿಕದ ಕರಾವಳಿಯನ್ನು ಬರೆದ ನಕ್ಷೆಯೆಂದು ಅದು ಹೆಸರಾಗಿತ್ತು. ಅದನ್ನು ಬರೆದ ಚರ್ಮದ ಹಾಳೆಯ ಕಾಲ 1434ರ ಆಸುಪಾಸು ಎಂದು ಕಾರ್ಬನ್ ಡೇಟಿಂಗ್ ಹೇಳಿತು. ಅದು ಸರಿಯಾಗಿಯೇ ಇತ್ತು. ಆದರೆ ಶಾಯಿಯಲ್ಲಿ ಸಿಕ್ಕಿದ್ದು 1920ರ ದಶಕದಿಂದೀಚೆಗೆ ಬಳಕೆಗೆ ಬಂದ ಟೈಟಾನಿಯಂ ಸಂಯುಕ್ತ. ಹಳೆಯ ಖಾಲಿ ಹಾಳೆಯ ಮೇಲೆ ಹೊಸಬರು ಬರೆದಿದ್ದರು. ನಕ್ಷೆ ನಕಲಿಯೆಂದು ಯೇಲ್ 2021ರಲ್ಲಿ ಸಾರಿತು.

ಮರದ ವಸ್ತುಗಳಲ್ಲಿ ಯಾರೂ ಮೋಸ ಮಾಡದಿದ್ದರೂ ಇಂಥ ಅಂತರ ಹುಟ್ಟುತ್ತದೆ. ಮರದ ಪ್ರತಿ ಉಂಗುರವೂ ತಾನು ಬೆಳೆದ ವರ್ಷದ ಇಂಗಾಲವನ್ನೇ ಹಿಡಿದಿಟ್ಟುಕೊಳ್ಳುತ್ತದೆ. ಮುನ್ನೂರು ವರ್ಷದ ತೇಗವನ್ನು ಕಡಿದು, ನಡುವಿನ ಚೇಗಿನಲ್ಲಿ ವಿಗ್ರಹ ಕೆತ್ತಿದರೆ, ಕೆತ್ತಿದ ದಿನವೇ ಅದರ ‘ವಯಸ್ಸು’ ಮುನ್ನೂರರ ಹತ್ತಿರವಿರುತ್ತದೆ. ತೊಗಟೆಗೆ ಅಂಟಿದ ಹೊರಭಾಗ ಉಳಿದಿದ್ದರೆ ಮಾದರಿಯನ್ನು ಅಲ್ಲಿಂದಲೇ ತೆಗೆಯಬೇಕು. ಹಳೆಯ ತೊಲೆಯನ್ನು ಹೊಸ ಮನೆಗೆ ಬಳಸಿದ್ದರಂತೂ ಅದೂ ಸಾಲದು. ಹತ್ತಿ ಬಟ್ಟೆ, ಲಿನನ್, ತಾಳೆಗರಿಗಳಲ್ಲಿ ಈ ತೊಂದರೆ ಇಲ್ಲ, ಅವು ಒಂದೆರಡು ವರ್ಷಗಳ ಬೆಳವಣಿಗೆ. ಚಿಂದಿಬಟ್ಟೆಯನ್ನು ಅರೆದು ಮಾಡಿದ ಹಳೆಯ ಕಾಗದದಲ್ಲಿ ಕೆಲವು ವರ್ಷಗಳ ವ್ಯತ್ಯಾಸ ಇರಬಹುದು.

ನಮ್ಮ ಮನೆ, ಮಠಗಳ ಅಟ್ಟದಲ್ಲಿರುವ ಕಡತ, ಓಲೆಗರಿ, ಕೆತ್ತನೆಯ ಬಾಗಿಲುಗಳಿಗೆ ಅಡ್ಡಬರುವ ಮಿತಿ ಇನ್ನೊಂದಿದೆ. ಸುಮಾರು 1650ರಿಂದ 1950ರವರೆಗೆ ನಕ್ಷೆಯ ಗೆರೆ ಸ್ಪಷ್ಟವಾಗಿ ಒಂದೇ ದಿಕ್ಕಿಗೆ ಸಾಗದೆ ಏರಿಳಿಯುತ್ತದೆ. ಸೂರ್ಯನ ಚಟುವಟಿಕೆಯಲ್ಲಾದ ಬದಲಾವಣೆಗಳು ಅದಕ್ಕೆ ಒಂದು ಕಾರಣ, ಕಾರ್ಬನ್-14 ಇಲ್ಲದ ಕಲ್ಲಿದ್ದಲ ಹೊಗೆ ಇನ್ನೊಂದು. ಹೀಗಾಗಿ 1700ರ ಓಲೆಗರಿಯೂ 1890ರ ಓಲೆಗರಿಯೂ ಹೆಚ್ಚುಕಡಿಮೆ ಒಂದೇ ಅಂಕಿ ಕೊಡಬಹುದು. ಇಂಥ ವಸ್ತುಗಳಿಗೆ ಲಿಪಿಯ ಬಗೆ, ಕೊನೆಯಲ್ಲಿ ಬರೆದ ಸಂವತ್ಸರ, ಶಾಯಿಯ ಪರೀಕ್ಷೆಗಳೇ ಹೆಚ್ಚು ಭರವಸೆಯ ದಾರಿ.

1955ರ ನಂತರದ ವಸ್ತುವನ್ನು ಮಾತ್ರ ಇಂಗಾಲ ಚೆನ್ನಾಗಿ ಹಿಡಿಯುತ್ತದೆ. ಬಯಲಿನಲ್ಲಿ ನಡೆಸಿದ ಅಣುಬಾಂಬು ಪರೀಕ್ಷೆಗಳಿಂದ ಗಾಳಿಯ ಕಾರ್ಬನ್-14 1963ರ ಹೊತ್ತಿಗೆ ಉತ್ತರಾರ್ಧಗೋಳದಲ್ಲಿ ಸುಮಾರು ಇಮ್ಮಡಿಯಾಗಿತ್ತು. ನಾಲ್ಕು ಶತಮಾನದ ಹಿಂದಿನದೆಂದು ಮಾರುವ ಬಟ್ಟೆಯ ಹತ್ತಿಯಲ್ಲಿ ಆ ಹೆಚ್ಚುವರಿ ಕಂಡರೆ ವಾದ ಅಲ್ಲಿಗೇ ಮುಗಿಯಿತು.

ಆದ್ದರಿಂದ ಕಾರ್ಬನ್ ಡೇಟಿಂಗ್ ವರದಿ ಕೈಗೆ ಬಂದಾಗ ನೋಡಬೇಕಾದದ್ದು ಇಷ್ಟು: ಮಾದರಿಯನ್ನು ವಸ್ತುವಿನ ಯಾವ ಭಾಗದಿಂದ ತೆಗೆದರು, ಹೇಗೆ ತೊಳೆದರು, ಕೊಟ್ಟ ಕಾಲಾವಧಿ ಎಷ್ಟು ವಿಶಾಲ, ಅದರ ಭರವಸೆ ಶೇಕಡಾ ಎಷ್ಟು. ಇವಕ್ಕೆ ಉತ್ತರವಿಲ್ಲದೆ ಒಂದೇ ಒಂದು ಇಸವಿಯನ್ನು ಮುಂದಿಡುವ ವರದಿಯನ್ನು ನಂಬಬೇಕಿಲ್ಲ. ಉತ್ತರಗಳೆಲ್ಲ ಇದ್ದರೂ ನಮಗೆ ಸಿಗುವುದು ನಾರು ಬೆಳೆದ ಕಾಲ. ಅದನ್ನು ನೇಯ್ದ, ಕೆತ್ತಿದ, ಬರೆದ ಕಾಲವನ್ನು ಬೇರೆ ಸಾಕ್ಷ್ಯಗಳಿಂದಲೇ ಸ್ಥಾಪಿಸಬೇಕು.